ಬಸುರಿಯಲ್ಲಿ ಬಿಪಿ ಏರದಂತೆ ಸಣ್ಣ ಡೋಸ್ ಆಸ್ಪಿರಿನ್: ಯಾರಿಗೆ ಬೇಕು, ಯಾವ ವಾರದಿಂದ? ಪದೇ ಪದೇ ಕೇಳುವ ಪ್ರಶ್ನೆಗಳು

ಕಾರವಾರ, ಅಂಕೋಲಾ, ಕುಮಟಾ, ಶಿರಸಿ ಕಡೆಯ ಗರ್ಭಿಣಿಯರು ಮತ್ತು ಅವರ ಜೊತೆ ಆಸ್ಪತ್ರೆಗೆ ಬರುವ ಆಯಿ, ಅತ್ತೆ, ಗಂಡಂದಿರು ಈ ಮಾತ್ರೆ ಬಗ್ಗೆ ಕೇಳುವ ಪ್ರಶ್ನೆಗಳು ಇಲ್ಲಿವೆ. ಹೆರಿಗೆ ವೈದ್ಯೆಯಾಗಿ ನಾನು ಕೊಡುವ ಉತ್ತರಗಳೂ ಇವೆ. ಇದನ್ನು ಓದಿ ಅಂಗಡಿಯಿಂದ ನೀವೇ ಮಾತ್ರೆ ತಂದು ಶುರು ಮಾಡಬೇಡಿ. ನಿಮಗೆ ಬೇಕೋ ಬೇಡವೋ ಅಂತ ಡಾಕ್ಟರ ಹತ್ತಿರ ಸರಿಯಾದ ಹೊತ್ತಿಗೆ ಕೇಳಿ, ಅಷ್ಟೇ.

ಇದು ನಮ್ಮ ಮಾವನವರು ಹಾರ್ಟಿಗೆ ತಗೊಳ್ಳುವ ಮಾತ್ರೆ. ಗರ್ಭಿಣಿಗೆ ಯಾಕೆ ಬರೆದರು?

ಔಷಧ ಒಂದೇ, ಕಾರಣ ಬೇರೆ. ಗರ್ಭ ನಿಂತ ಮೊದಲ ತಿಂಗಳುಗಳಲ್ಲಿ ಮಾಸು, ಅಂದರೆ ಪ್ಲಾಸೆಂಟಾ, ಗರ್ಭಕೋಶದ ಗೋಡೆಯೊಳಗೆ ಬೇರು ಬಿಡುತ್ತದೆ. ಅಲ್ಲಿರುವ ಸಣ್ಣ ರಕ್ತನಾಳಗಳನ್ನು ಅದು ಅಗಲ ಮಾಡಿಕೊಳ್ಳಬೇಕು. ತೋಟದ ಕಾಲುವೆಯನ್ನು ನೀರು ಬಿಡುವ ಮೊದಲು ಕಡಿದು ಅಗಲ ಮಾಡುತ್ತೇವಲ್ಲ, ಹಾಗೆ. ಕೆಲವರಲ್ಲಿ ಈ ಕೆಲಸ ಅರ್ಧಕ್ಕೇ ನಿಲ್ಲುತ್ತದೆ. ನಾಳಗಳು ಕಿರಿದಾಗಿಯೇ ಉಳಿಯುತ್ತವೆ, ಮಾಸಿಗೆ ರಕ್ತ ಸಾಲುವುದಿಲ್ಲ. ಆಮೇಲೆ, ತಿಂಗಳುಗಳು ಕಳೆದ ಮೇಲೆ, ಆ ಮಾಸಿನಿಂದ ಹೊರಟ ಪದಾರ್ಥಗಳು ತಾಯಿಯ ಮೈಯ ರಕ್ತನಾಳಗಳನ್ನೆಲ್ಲ ಕೆಡಿಸುತ್ತವೆ. ಆಗ ಬಿಪಿ ಏರುತ್ತದೆ. ಈ ಕಾಯಿಲೆಯ ಹೆಸರೇ ಪ್ರಿಎಕ್ಲಾಂಪ್ಸಿಯಾ, ಅದು ಬರದಂತೆ ತಡೆಯಲು ಈ ಮಾತ್ರೆ.

ರಕ್ತದ ಪ್ಲೇಟ್‌ಲೆಟ್ ಕಣಗಳು ಥ್ರಾಂಬಾಕ್ಸೇನ್ ಎಂಬ ಪದಾರ್ಥ ಮಾಡುತ್ತವೆ. ಅದು ನಾಳವನ್ನು ಬಿಗಿಯುತ್ತದೆ, ರಕ್ತ ಹೆಪ್ಪುಗಟ್ಟಿಸುತ್ತದೆ. ಸಣ್ಣ ಡೋಸ್ ಆಸ್ಪಿರಿನ್ ಇದನ್ನು ತಡೆಯುತ್ತದೆ. ನಾಳವನ್ನು ಸಡಿಲ ಮಾಡುವ ಇನ್ನೊಂದು ಪದಾರ್ಥ ನಾಳದ ಗೋಡೆಯಲ್ಲೇ ತಯಾರಾಗುತ್ತದೆ. ಈ ಸಣ್ಣ ಡೋಸ್ ಅದನ್ನು ಹೆಚ್ಚು ಮುಟ್ಟುವುದಿಲ್ಲ. ಹಾಗಾಗಿಯೇ ಇಲ್ಲಿ ಡೋಸ್ ಸಣ್ಣದಿರಬೇಕು.

ಪ್ರಿಎಕ್ಲಾಂಪ್ಸಿಯಾ ಅಂದರೆ ಬರೀ ಬಿಪಿ ಜಾಸ್ತಿ ಆಗುವುದಾ?

ಅಲ್ಲ. 20 ವಾರ ದಾಟಿದ ಮೇಲೆ ಬಿಪಿ 140/90 ಅಥವಾ ಅದಕ್ಕಿಂತ ಜಾಸ್ತಿ, ಕನಿಷ್ಠ ನಾಲ್ಕು ಗಂಟೆ ಬಿಟ್ಟು ಎರಡು ಸಲ ನೋಡಿದಾಗಲೂ ಬರಬೇಕು. ಜೊತೆಗೆ ಮೂತ್ರದಲ್ಲಿ ಪ್ರೋಟೀನ್ ಹೋಗುತ್ತಿರಬೇಕು, ಇಲ್ಲವೇ ಕಿಡ್ನಿ, ಲಿವರ್, ಪ್ಲೇಟ್‌ಲೆಟ್, ಕಣ್ಣು, ತಲೆ, ಇವುಗಳಲ್ಲಿ ಎಲ್ಲಾದರೂ ತೊಂದರೆ ಕಾಣಿಸಬೇಕು. ಕಾಲು ಬಾವು ಒಂದೇ ಇದ್ದರೆ ಅದು ಈ ಕಾಯಿಲೆಯಲ್ಲ, ಬಹಳ ಗರ್ಭಿಣಿಯರಿಗೆ ಬರುತ್ತದೆ. ಹಾಗೆಯೇ ಕಾಲು ಬಾವು ಇಲ್ಲ ಅಂದಮಾತ್ರಕ್ಕೆ ಕಾಯಿಲೆ ಇಲ್ಲ ಅಂತಲೂ ಅಲ್ಲ.

ಇದು ಜೋರಾದರೆ ಫಿಟ್ಸ್ ಬರಬಹುದು, ಮಗು ಬೆಳೆಯದೆ ಉಳಿಯಬಹುದು, ಏಳನೇ ಎಂಟನೇ ತಿಂಗಳಲ್ಲೇ ಹೆರಿಗೆ ಮಾಡಿಸಬೇಕಾಗಬಹುದು. ಒಮ್ಮೆ ಬಂದ ಮೇಲೆ ಇದನ್ನು ವಾಪಸ್ ಕಳಿಸುವ ಔಷಧ ಇಲ್ಲ. ಮಗುವೂ ಮಾಸೂ ಹೊರಗೆ ಬಂದ ಮೇಲೆಯೇ ಇಳಿಯಲು ಶುರು. ಅದಕ್ಕೇ ಬರುವ ಮೊದಲಿನ ಈ ಮಾತ್ರೆಗೆ ಇಷ್ಟು ಬೆಲೆ.

ಹಾಗಾದರೆ ಯಾರಿಗೆ ಕೊಡುತ್ತೀರಿ?

ಎರಡು ಗುಂಪು ಇಟ್ಟುಕೊಳ್ಳಿ. ಮೊದಲ ಗುಂಪಿನಲ್ಲಿ ಒಂದೇ ಒಂದು ಇದ್ದರೂ ಸಾಕು, ಮಾತ್ರೆ ಬೇಕು: ಹಿಂದಿನ ಬಸುರಿಯಲ್ಲಿ ಪ್ರಿಎಕ್ಲಾಂಪ್ಸಿಯಾ ಬಂದಿತ್ತು, ಈ ಸಲ ಅವಳಿ, ಗರ್ಭ ನಿಲ್ಲುವ ಮೊದಲಿಂದಲೇ ಬಿಪಿ ಇದೆ, ಮೊದಲಿಂದಲೇ ಶುಗರ್ ಇದೆ, ಕಿಡ್ನಿ ಕಾಯಿಲೆ ಇದೆ, ಅಥವಾ ಲೂಪಸ್, ಆಂಟಿಫಾಸ್ಫೋಲಿಪಿಡ್ ಸಿಂಡ್ರೋಮ್ ಥರದ, ಮೈಯ ರಕ್ಷಣಾ ಶಕ್ತಿಯೇ ಮೈಗೆ ತಿರುಗಿ ಬೀಳುವ ಕಾಯಿಲೆ ಇದೆ.

ಎರಡನೇ ಗುಂಪಿನಲ್ಲಿ ಒಂದು ಇದ್ದರೆ ಸಾಲದು, ಎರಡಾದರೂ ಕೂಡಬೇಕು. ಮೊದಲ ಬಸುರಿ, ವಯಸ್ಸು 35 ಅಥವಾ ಮೇಲೆ, ತೂಕ ಜಾಸ್ತಿ ಅಂದರೆ ಬಿಎಂಐ 30 ದಾಟಿರುವುದು, ಸ್ವಂತ ತಾಯಿಗೋ ಅಕ್ಕತಂಗಿಗೋ ಪ್ರಿಎಕ್ಲಾಂಪ್ಸಿಯಾ ಆಗಿದ್ದದ್ದು, ಹಿಂದಿನ ಹೆರಿಗೆಯಾಗಿ ಹತ್ತು ವರ್ಷಕ್ಕಿಂತ ಜಾಸ್ತಿ ಆಗಿರುವುದು, ಹಿಂದಿನ ಮಗು ತೀರಾ ಕಡಿಮೆ ತೂಕದ್ದಾಗಿರುವುದು, ಐವಿಎಫ್‌ನಿಂದ ಗರ್ಭ ನಿಂತಿರುವುದು. ಇವು ಎರಡನೇ ಗುಂಪು.

ಇದು ಅಮೆರಿಕದ ವೈದ್ಯ ಸಂಘಗಳ ಪಟ್ಟಿ. ಬ್ರಿಟನ್ನಿನವರು ವಯಸ್ಸನ್ನು 40ಕ್ಕೂ ಬಿಎಂಐಯನ್ನು 35ಕ್ಕೂ ಇಟ್ಟಿದ್ದಾರೆ. ಅದಕ್ಕೇ ಒಬ್ಬ ಡಾಕ್ಟರ್ ಬೇಕು ಅಂದದ್ದನ್ನು ಇನ್ನೊಬ್ಬರು ಬೇಡ ಅಂದರೆ ಯಾರೋ ತಪ್ಪು ಹೇಳಿದರು ಅಂದುಕೊಳ್ಳಬೇಡಿ. ಗಡಿಯಲ್ಲಿ ಇರುವವರಿಗೆ ಹೀಗಾಗುತ್ತದೆ. ಮೊದಲ ಗುಂಪಿನ ಬಗ್ಗೆ ಮಾತ್ರ ಹೆಚ್ಚು ಜಗಳ ಇಲ್ಲ.

ನನಗೆ ಇದು ಮೊದಲನೆಯದು. ಎತ್ತರ 152 ಸೆಂಟಿಮೀಟರ್, ತೂಕ 72 ಕಿಲೊ. ಲೆಕ್ಕ ಹೇಗೆ?

ತೂಕವನ್ನು ಮೀಟರಿನಲ್ಲಿರುವ ಎತ್ತರದಿಂದ ಎರಡು ಸಲ ಭಾಗಿಸಿ. 72 ಭಾಗಿಸು 1.52, ಮತ್ತೆ ಭಾಗಿಸು 1.52. ಸುಮಾರು 31 ಬರುತ್ತದೆ. ಮೊದಲ ಬಸುರಿ ಒಂದು, ಬಿಎಂಐ 30 ದಾಟಿದ್ದು ಇನ್ನೊಂದು. ಎರಡಾಯಿತು. ನಾನಾದರೆ ಕೊಡುತ್ತೇನೆ. ತೂಕ ಅಂದರೆ ಗರ್ಭ ನಿಲ್ಲುವ ಮೊದಲಿನದು, ಅಥವಾ ಮೊದಲ ಭೇಟಿಯದ್ದು. ಏಳನೇ ತಿಂಗಳ ತೂಕ ಹಾಕಿ ಲೆಕ್ಕ ಮಾಡಬೇಡಿ.

ನನಗೆ 24 ವರ್ಷ, ಮೊದಲ ಬಸುರಿ, ಬೇರೇನೂ ತೊಂದರೆ ಇಲ್ಲ. ಆದರೂ ತಗೊಂಡರೆ ಒಳ್ಳೇದಲ್ವಾ?

ಈ ಪ್ರಶ್ನೆಗೆ ಉತ್ತರದ ಒಂದು ಭಾಗ ನಮ್ಮ ಪಕ್ಕದ ಜಿಲ್ಲೆಯಿಂದಲೇ ಬಂದಿದೆ. ಮೊದಲ ಬಸುರಿಯ ಸುಮಾರು 12,000 ಹೆಂಗಸರ ಮೇಲೆ ಆರು ದೇಶಗಳಲ್ಲಿ ನಡೆದ ಒಂದು ಅಧ್ಯಯನ 2020ರಲ್ಲಿ ಪ್ರಕಟವಾಯಿತು. ಭಾರತದಲ್ಲಿ ಅದು ನಡೆದದ್ದು ಬೆಳಗಾವಿ ಮತ್ತು ನಾಗಪುರದಲ್ಲಿ. ಅರ್ಧ ಜನರಿಗೆ ದಿನಾ 81 ಮಿಲಿಗ್ರಾಂ ಆಸ್ಪಿರಿನ್, ಉಳಿದವರಿಗೆ ಅದೇ ಥರ ಕಾಣುವ ಖಾಲಿ ಮಾತ್ರೆ. ತಿಂಗಳು ತುಂಬುವ ಮೊದಲೇ ಹೆರಿಗೆ ಆದವರು ಆಸ್ಪಿರಿನ್ ಗುಂಪಿನಲ್ಲಿ ನೂರಕ್ಕೆ 11.6, ಖಾಲಿ ಮಾತ್ರೆಯ ಗುಂಪಿನಲ್ಲಿ 13.1. ಲಾಭ ಇದೆ, ಆದರೆ ಸಣ್ಣದು.

ಅಷ್ಟಕ್ಕೇ ಎಲ್ಲರಿಗೂ ಕೊಡಿ ಅಂತ ಈಗಿನ ಸಲಹೆಗಳು ಹೇಳುವುದಿಲ್ಲ. ನಾನೂ ಸುಮ್ನೆ ಬರೆಯುವುದಿಲ್ಲ. ಆದರೆ ನಿಮ್ಮ ಆಯಿಗೆ ನಿಮ್ಮನ್ನು ಹೆರುವಾಗ ಬಿಪಿ ಏರಿತ್ತಾ, ಫಿಟ್ಸ್ ಬಂದಿತ್ತಾ ಅಂತ ಒಮ್ಮೆ ಕೇಳಿ ನೋಡಿ. ಎಷ್ಟೋ ಮನೆಯಲ್ಲಿ ಈ ವಿಷಯ ಯಾರೂ ಕೇಳುವವರೆಗೆ ಹೊರಗೆ ಬರುವುದೇ ಇಲ್ಲ. ಹೌದು ಅಂದರೆ ನಿಮ್ಮ ಲೆಕ್ಕವೂ ಎರಡಕ್ಕೆ ಏರಿತು.

ಯಾವಾಗ ಶುರು ಮಾಡಬೇಕು?

12 ವಾರ ತುಂಬಿದ ಮೇಲೆ, 16 ವಾರ ಆಗುವುದರೊಳಗೆ. ಈ ಇಡೀ ಪುಟದಲ್ಲಿ ಒಂದೇ ಸಾಲು ನೆನಪಿಡುವುದಾದರೆ ಇದನ್ನಿಡಿ.

ಮೇಲೆ ಹೇಳಿದ ನಾಳ ಅಗಲವಾಗುವ ಕೆಲಸ ಬಹುಪಾಲು 16ರಿಂದ 20 ವಾರದ ಹೊತ್ತಿಗೆ ಮುಗಿದಿರುತ್ತದೆ. ಆಮೇಲೆ ಶುರು ಮಾಡಿದರೆ ಸಿಗುವ ಲಾಭ ಕಡಿಮೆ. ಹೆಚ್ಚಾಗಿ ಯುರೋಪಿನಲ್ಲಿ ನಡೆದು 2017ರಲ್ಲಿ ಪ್ರಕಟವಾದ ಆಸ್ಪ್ರೆ ಎಂಬ ಅಧ್ಯಯನದಲ್ಲಿ ಅಪಾಯ ಹೆಚ್ಚಿದ್ದವರಿಗೆ 11ರಿಂದ 14 ವಾರದೊಳಗೆ, ರಾತ್ರಿ ಹೊತ್ತು, 150 ಮಿಲಿಗ್ರಾಂ ಶುರು ಮಾಡಿ 36 ವಾರದವರೆಗೆ ಕೊಟ್ಟರು. 37 ವಾರದ ಮೊದಲೇ ಬರುವ ಪ್ರಿಎಕ್ಲಾಂಪ್ಸಿಯಾ ಖಾಲಿ ಮಾತ್ರೆಯವರಲ್ಲಿ ನೂರಕ್ಕೆ 4.3, ಆಸ್ಪಿರಿನ್‌ನವರಲ್ಲಿ 1.6. ತಿಂಗಳು ತುಂಬಿದ ಮೇಲೆ ಬರುವುದರಲ್ಲಿ ಮಾತ್ರ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ತಾಯಿ ಮಗುವಿಗೆ ಜಾಸ್ತಿ ಅಪಾಯ ತರುವುದು ಬೇಗ ಬರುವ ಥರದ್ದೇ. ಮಾತ್ರೆ ತಡೆಯುವುದೂ ಮುಖ್ಯವಾಗಿ ಅದನ್ನೇ.

ವಾರ ಎಣಿಸುವುದು ಹೇಗೆ? ಉದಾಹರಣೆ ಕೊಟ್ಟು ಹೇಳಿ.

ಅಂಕೋಲಾ ಕಡೆಯ ಒಬ್ಬಾಕೆ, 29 ವರ್ಷ ಅಂತಿಟ್ಟುಕೊಳ್ಳಿ. ಮೊದಲ ಬಸುರಿಯಲ್ಲಿ 33ನೇ ವಾರಕ್ಕೆ ಬಿಪಿ 160/110 ಆಗಿ, ಮೂತ್ರದಲ್ಲಿ ಪ್ರೋಟೀನ್ ಬಂದು, ತುರ್ತಾಗಿ ಆಪರೇಷನ್ ಮಾಡಿ 1.6 ಕಿಲೊದ ಮಗು ಹೊರತೆಗೆದಿದ್ದರು. ಈಗ ಎರಡನೆಯದು. ಕೊನೆಯ ಮುಟ್ಟಿನ ಮೊದಲ ದಿನ ಜೂನ್ 10. ಎಣಿಕೆ ಶುರುವಾಗುವುದು ಆ ದಿನದಿಂದ, ಗರ್ಭ ನಿಂತಿತು ಅಂತ ಗೊತ್ತಾದ ದಿನದಿಂದ ಅಲ್ಲ.

ಅಲ್ಲಿಂದ 84 ದಿನಕ್ಕೆ, ಸೆಪ್ಟೆಂಬರ್ 2ಕ್ಕೆ, 12 ವಾರ ತುಂಬುತ್ತದೆ. 112 ದಿನಕ್ಕೆ, ಸೆಪ್ಟೆಂಬರ್ 30ಕ್ಕೆ, 16 ವಾರ. ಆಕೆಗೆ ಸಿಗುವ ಒಳ್ಳೆಯ ಸಮಯ ಈ ನಾಲ್ಕು ವಾರ ಮಾತ್ರ.

ಈಗ ನಮ್ಮ ಕಡೆ ಏನಾಗುತ್ತದೆ ನೋಡಿ. ಜುಲೈ ಕೊನೆಗೆ ಮನೆಯಲ್ಲೇ ಟೆಸ್ಟ್ ಮಾಡಿ ಗೊತ್ತಾಯಿತು. ಮೂರು ತಿಂಗಳು ತುಂಬುವವರೆಗೆ ಯಾರಿಗೂ ಹೇಳುವುದು ಬೇಡ ಅಂತ ಹಿರಿಯರು ಅಂದರು. ಮೂರು ತಿಂಗಳು ತುಂಬಿದ್ದು ಸೆಪ್ಟೆಂಬರ್ 10ಕ್ಕೆ. ಅಷ್ಟರಲ್ಲಿ ಚೌತಿ ಗಡಿಬಿಡಿ, ಮನೆ ತುಂಬ ನೆಂಟರು, ಆಮೇಲೆ ನವರಾತ್ರಿ. ಎರಡನೆಯದಲ್ವಾ, ಅರ್ಜೆಂಟ್ ಏನಿದೆ ಅಂತ ಮೊದಲ ಸಲ ಆಸ್ಪತ್ರೆಗೆ ಬಂದದ್ದು ಅಕ್ಟೋಬರ್ 14ಕ್ಕೆ. ಆಗ 18 ವಾರ ಆಗಿಹೋಗಿತ್ತು. ಯಾರೂ ಉದಾಸೀನ ಮಾಡಲಿಲ್ಲ, ಆದರೂ ಸಮಯ ಜಾರಿತು.

ಊರಿಗೆ ಹೇಳುವುದು ಬೇಡ ಅಂದರೆ ಬೇಡ, ನನ್ನ ತಕರಾರಿಲ್ಲ. ಡಾಕ್ಟರಿಗೂ ಆಶಾಗೂ ಮಾತ್ರ ಮುಟ್ಟು ತಪ್ಪಿದ ತಿಂಗಳಲ್ಲೇ ಹೇಳಿ. ಇದೇ ಹೆಂಗಸು ಆಗಸ್ಟಿನಲ್ಲಿ ಬಂದಿದ್ದರೆ ಬಿಪಿ, ಮೂತ್ರ, ಕ್ರಿಯಾಟಿನಿನ್, ಪ್ಲೇಟ್‌ಲೆಟ್, ಶುಗರ್ ಎಲ್ಲ ನೋಡಿ ಬರೆದಿಡಬಹುದಿತ್ತು. ಮುಂದೆ ಏರುಪೇರು ಆದರೆ ಹೋಲಿಸಲು ಆ ಅಂಕಿ ಬೇಕು. 11ರಿಂದ 13 ವಾರದ ನಡುವೆ ಎನ್‌ಟಿ ಸ್ಕ್ಯಾನ್ ಮಾಡುತ್ತಾರೆ, ಆ ರಿಪೋರ್ಟ್ ತೋರಿಸಲು ಬಂದ ದಿನವೇ ಮಾತ್ರೆ ಶುರು ಮಾಡಬಹುದಿತ್ತು. ಸರ್ಕಾರಿ ಆಸ್ಪತ್ರೆಗಳಲ್ಲಿ ಪ್ರತಿ ತಿಂಗಳು 9ನೇ ತಾರೀಕು ಗರ್ಭಿಣಿಯರಿಗೆ ಉಚಿತ ತಪಾಸಣೆ ಇರುತ್ತದೆ. ಈಕೆಗಾದರೆ ಸೆಪ್ಟೆಂಬರ್ 9 ಅಂದರೆ ಸರಿಯಾಗಿ 13 ವಾರ.

ಮುಟ್ಟು ಹಿಂದೆ ಮುಂದೆ ಆಗುವವರು ದಿನ ಎಣಿಸಿ ನಂಬಬೇಡಿ. ಮೊದಲ ಸ್ಕ್ಯಾನಿನಲ್ಲಿ ಬಂದ ವಾರವನ್ನೇ ಹಿಡಿಯಿರಿ.

ನನಗೆ ಈಗಾಗಲೇ 18 ವಾರ. ಇನ್ನು ಪ್ರಯೋಜನ ಇಲ್ಲವಾ?

ಇದೆ, ಕಡಿಮೆ. 28 ವಾರದವರೆಗೂ ಶುರು ಮಾಡಬಹುದು ಅಂತ ಅಮೆರಿಕದ ಸಲಹೆ ಇದೆ. ಮೇಲಿನ ಉದಾಹರಣೆಯ ಹೆಂಗಸಿಗೆ ಅಕ್ಟೋಬರ್ 14ರಂದೇ ನಾನು ಬರೆದುಕೊಡುತ್ತೇನೆ, ಮುಂದಿನ ಭೇಟಿಗೆ ನೋಡೋಣ ಅನ್ನುವುದಿಲ್ಲ.

75 ಕೊಡುತ್ತಾರೆ, 150 ಕೊಡುತ್ತಾರೆ. ಯಾವುದು ಸರಿ?

ವಿಶ್ವ ಆರೋಗ್ಯ ಸಂಸ್ಥೆ 75 ಅಂತ ಹೇಳಿದೆ. ಅಮೆರಿಕದಲ್ಲಿ 81, ಅಲ್ಲಿ ಸಿಗುವ ಮಾತ್ರೆಯೇ ಅದು. ಬ್ರಿಟನ್ 75ರಿಂದ 150 ಅನ್ನುತ್ತದೆ. ಆಸ್ಪ್ರೆ ಬಂದ ಮೇಲೆ ಹೆರಿಗೆ ವೈದ್ಯರ ಅಂತರರಾಷ್ಟ್ರೀಯ ಒಕ್ಕೂಟ 150ರ ಕಡೆ ವಾಲಿದೆ. ನಮ್ಮಲ್ಲಿ 75 ಮತ್ತು 150 ಎರಡೂ ಸುಲಭವಾಗಿ ಸಿಗುತ್ತವೆ. ನಾನು ಹಿಂದೆ ಪ್ರಿಎಕ್ಲಾಂಪ್ಸಿಯಾ ಆದವರಿಗೆ, ತೂಕ ಜಾಸ್ತಿ ಇರುವವರಿಗೆ 150 ಬರೆಯುತ್ತೇನೆ. ದಪ್ಪ ಇರುವವರಿಗೆ 75 ಸಾಲದೆ ಹೋಗಬಹುದು. ನಿಮ್ಮ ಡಾಕ್ಟರ್ 75 ಬರೆದಿದ್ದರೆ ನೀವಾಗಿಯೇ ಎರಡು ನುಂಗಬೇಡಿ, ಕೇಳಿ.

ಯಾವ ಹೊತ್ತು ತಗೊಳ್ಳಬೇಕು? ಮರೆತರೆ?

ರಾತ್ರಿ ಊಟ ಆದ ಮೇಲೆ. ಹೊಟ್ಟೆಯಲ್ಲಿ ಕರಗದೆ ಕರುಳಿಗೆ ಹೋಗಿ ಕರಗುವಂತೆ ಈ ಮಾತ್ರೆಗೆ ಮೇಲೊಂದು ಪದರ ಇರುತ್ತದೆ. ಹಾಗಾಗಿ ಅಗಿಯುವುದು, ಪುಡಿ ಮಾಡುವುದು, 150ರದ್ದನ್ನು ಮುರಿದು ಅರ್ಧ ಮಾಡುವುದು ಬೇಡ. ಒಂದು ರಾತ್ರಿ ಮರೆತರೆ ಮರುದಿನ ಒಂದೇ ತಗೊಳ್ಳಿ, ಎರಡಲ್ಲ.

ಆದರೆ ವಾರಕ್ಕೆ ಎರಡು ಮೂರು ಸಲ ಮರೆಯುತ್ತಿದ್ದರೆ ಅದು ದೊಡ್ಡ ವಿಷಯ. ದಿನವೂ ಹೊಸ ಪ್ಲೇಟ್‌ಲೆಟ್ ಹುಟ್ಟುತ್ತಿರುತ್ತವೆ, ಅವಕ್ಕೆ ಹಿಂದಿನ ದಿನದ ಮಾತ್ರೆ ತಾಗಿರುವುದಿಲ್ಲ. ಆಸ್ಪ್ರೆಯಲ್ಲೂ ನೂರಕ್ಕೆ ತೊಂಬತ್ತು ಮಾತ್ರೆಯನ್ನಾದರೂ ತಪ್ಪದೆ ನುಂಗಿದವರಿಗೇ ಹೆಚ್ಚು ಲಾಭ ಕಂಡದ್ದು. ನಮ್ಮ ಕಡೆ ಮಾತ್ರೆ ತಪ್ಪುವುದಕ್ಕೆ ಮರೆವಿನಷ್ಟೇ ದೊಡ್ಡ ಕಾರಣ ಮಾತ್ರೆ ಮುಗಿದುಹೋಗುವುದು. ಮಳೆಗಾಲದಲ್ಲಿ ಗುಡ್ಡ ಕುಸಿದು ಘಟ್ಟದ ರಸ್ತೆ ಬಂದ್ ಆದರೆ ಪೇಟೆಗೆ ಹೋಗಲಾಗುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಂದು ತಿಂಗಳಿನದ್ದು ಜಾಸ್ತಿ ತಂದಿಟ್ಟುಕೊಳ್ಳಿ. ಕೆಲವೇ ರೂಪಾಯಿಯ ಮಾತ್ರೆ.

ಮನೆಯಲ್ಲಿ ಅದೇ ಹೆಸರಿನ ಮಾತ್ರೆ ಇದೆ. ಅದನ್ನೇ ತಗೊಳ್ಳಲಾ?

ಬೇಡ. ಹಾರ್ಟಿನವರಿಗೆ ಕೊಡುವ ಮಾತ್ರೆ ಪಟ್ಟಿಯ ಮೇಲೆ ಅದೇ ಹೆಸರಿನ ಮುಂದೆ ಎವಿ ಅಥವಾ ಗೋಲ್ಡ್ ಅಂತ ಇರಬಹುದು. ಅದರಲ್ಲಿ ಆಸ್ಪಿರಿನ್ ಜೊತೆ ಕೊಲೆಸ್ಟರಾಲ್ ಇಳಿಸುವ ಔಷಧ, ಕೆಲವದರಲ್ಲಿ ರಕ್ತ ತೆಳು ಮಾಡುವ ಇನ್ನೊಂದು ಔಷಧವೂ ಸೇರಿರುತ್ತದೆ. ಅದು ನಿಮಗೆ ಬರೆದದ್ದಲ್ಲ. ತಲೆನೋವಿಗೆ ನೀರಿನಲ್ಲಿ ಕರಗಿಸಿ ಕುಡಿಯುವ ಆಸ್ಪಿರಿನ್ ಕೂಡ ಬೇಡ, ಅದರ ಒಂದು ಮಾತ್ರೆಯಲ್ಲೇ 300 ಮಿಲಿಗ್ರಾಂಗಿಂತ ಜಾಸ್ತಿ ಇರುತ್ತದೆ. ಅಂಗಡಿಯಲ್ಲಿ ಪಟ್ಟಿ ಕೈಗೆ ಬಂದ ಮೇಲೆ ಆಸ್ಪಿರಿನ್ ಒಂದೇ ಇದೆಯಾ, 75ಓ 150ಓ ಅಂತ ಓದಿಸಿ ನೋಡಿ.

ಈ ಮಾತ್ರೆ ಉಷ್ಣ ಅಂತಾರೆ. ಮಗುವಿಗೆ ತೊಂದರೆ ಆಗುತ್ತದಾ?

ಹೊಟ್ಟೆ ಉರಿ, ಹುಳಿತೇಗು ಕೆಲವರಿಗೆ ಆಗುತ್ತದೆ. ಊಟ ಆದ ಮೇಲೆ ತಗೊಂಡರೆ ಕಡಿಮೆ. ಈ ಸಣ್ಣ ಡೋಸಿನಿಂದ ಮಗುವಿಗೆ ಅಂಗ ದೋಷ ಬಂದದ್ದಾಗಲಿ, ಹೃದಯದ ನಾಳ ಬೇಗ ಮುಚ್ಚಿಕೊಂಡದ್ದಾಗಲಿ ದೊಡ್ಡ ಅಧ್ಯಯನಗಳಲ್ಲಿ ಕಂಡಿಲ್ಲ. ಆ ಹೆದರಿಕೆ ಇರುವುದು ನೋವಿಗೆ ತಗೊಳ್ಳುವ ದೊಡ್ಡ ಡೋಸಿಗೆ ಮತ್ತು ಐಬುಪ್ರೊಫೆನ್ ಥರದ ನೋವಿನ ಮಾತ್ರೆಗಳಿಗೆ. ಅವನ್ನು ಗರ್ಭಿಣಿ ಹೇಗೂ ತಗೊಳ್ಳಬಾರದು.

ಯಾರು ತಗೊಳ್ಳಬಾರದು?

ಆಸ್ಪಿರಿನ್ ಅಲರ್ಜಿ ಇರುವವರು, ನೋವಿನ ಮಾತ್ರೆ ನುಂಗಿದರೆ ದಮ್ಮು ಜೋರಾಗುವವರು, ಹೊಟ್ಟೆಯಲ್ಲಿ ಹುಣ್ಣು ಇರುವವರು, ರಕ್ತ ಹೆಪ್ಪುಗಟ್ಟದ ಕಾಯಿಲೆ ಇರುವವರು, ಪ್ಲೇಟ್‌ಲೆಟ್ ತೀರಾ ಕಡಿಮೆ ಇರುವವರು. ಗರ್ಭ ನಿಂತ ಮೇಲೆ ರಕ್ತ ಕಾಣಿಸಿಕೊಂಡಿದ್ದರೆ ಶುರು ಮಾಡುವ ಮೊದಲು ಡಾಕ್ಟರಿಗೆ ಹೇಳಿ.

ಮಾತ್ರೆ ನಡೆಯುತ್ತಿರುವಾಗ ಜ್ವರ ಬಂದರೆ?

ನಮ್ಮ ಜಿಲ್ಲೆಯಲ್ಲಿ ಈ ಪ್ರಶ್ನೆಗೆ ತೂಕ ಜಾಸ್ತಿ. ಡೆಂಗಿಯಲ್ಲಿ ಪ್ಲೇಟ್‌ಲೆಟ್ ಇಳಿಯುತ್ತದೆ, ರಕ್ತಸ್ರಾವ ಆಗಬಹುದು. ಸಿದ್ದಾಪುರ ಕಡೆ ಚಳಿಗಾಲದಿಂದ ಬೇಸಿಗೆಯವರೆಗೆ ಕಾಣಿಸುವ ಮಂಗನ ಕಾಯಿಲೆಯಲ್ಲೂ ಹಾಗೆಯೇ. ಗದ್ದೆ ಕೆಲಸದವರಿಗೆ ಬರುವ ಇಲಿಜ್ವರದಲ್ಲೂ ಆಗಬಹುದು. ಈ ಜ್ವರಗಳಲ್ಲಿ ಆಸ್ಪಿರಿನ್ ಒಳ್ಳೆಯದಲ್ಲ.

ಜೋರು ಜ್ವರ, ಮೈಕೈ ನೋವು ಬಂದರೆ ಆ ರಾತ್ರಿಯ ಮಾತ್ರೆ ನುಂಗುವ ಮೊದಲೇ ಡಾಕ್ಟರಿಗೆ ತೋರಿಸಿ. ಆಸ್ಪಿರಿನ್ ತಗೊಳ್ಳುತ್ತಿದ್ದೇನೆ ಅಂತ ನೀವೇ ಹೇಳಿ. ಜ್ವರಕ್ಕೆ ಬಂದಾಗ ಅವರು ಬಸುರಿಯ ಮಾತ್ರೆ ಅಂದರೆ ಕಬ್ಬಿಣ, ಕ್ಯಾಲ್ಸಿಯಂ ಅಂದುಕೊಳ್ಳುತ್ತಾರೆ. ರಕ್ತ ಪರೀಕ್ಷೆ ನೋಡಿ ಮುಂದುವರಿಸುವುದೋ ಕೆಲವು ದಿನ ನಿಲ್ಲಿಸುವುದೋ ಅವರು ಹೇಳುತ್ತಾರೆ. ನಿಲ್ಲಿಸಿದರೆ ಮತ್ತೆ ಯಾವಾಗ ಶುರು ಅಂತಲೂ ಅಂದೇ ಕೇಳಿಕೊಳ್ಳಿ. ಜ್ವರಕ್ಕೆ ಪ್ಯಾರಾಸಿಟಮಾಲ್ ಸಾಕು.

ಸೀಮಂತ ಮುಗಿಸಿ ತವರಿಗೆ ಹೋಗುತ್ತೇನೆ. ಅಲ್ಲಿ ಬೇರೆ ಡಾಕ್ಟರು.

ಮಾತ್ರೆ ಗೊತ್ತಿಲ್ಲದೆ ನಿಂತುಹೋಗುವುದು ಹೆಚ್ಚಾಗಿ ಇಲ್ಲೇ. ಪಟ್ಟಿ ಮುಗಿದಿರುತ್ತದೆ, ಚೀಟಿ ಗಂಡನ ಮನೆಯಲ್ಲಿ ಉಳಿದಿರುತ್ತದೆ, ಹೊಸ ಡಾಕ್ಟರಿಗೆ ಯಾಕೆ ಶುರು ಮಾಡಿದ್ದು ಅಂತ ಗೊತ್ತಿರುವುದಿಲ್ಲ. ತಾಯಿ ಕಾರ್ಡಿನಲ್ಲೇ ಬರೆಸಿಕೊಳ್ಳಿ: ಆಸ್ಪಿರಿನ್ ಎಷ್ಟು ಮಿಲಿಗ್ರಾಂ, ಯಾವ ವಾರದಿಂದ, ಯಾವ ಕಾರಣಕ್ಕೆ, ಯಾವ ವಾರದವರೆಗೆ. ಒಂದು ಸಾಲು ಸಾಕು.

ಯಾವಾಗ ನಿಲ್ಲಿಸಬೇಕು? ಆಪರೇಷನ್ ಆದರೆ ರಕ್ತ ಜಾಸ್ತಿ ಹೋಗುವುದಿಲ್ಲವಾ?

ಕೆಲವರು 36 ವಾರಕ್ಕೆ ನಿಲ್ಲಿಸುತ್ತಾರೆ, ಕೆಲವರು ಹೆರಿಗೆಯವರೆಗೆ ಕೊಡುತ್ತಾರೆ. ಎರಡಕ್ಕೂ ಆಧಾರ ಇದೆ. ಮೇಲಿನ ಉದಾಹರಣೆಯವರಿಗೆ 36 ವಾರ ಅಂದರೆ ಫೆಬ್ರುವರಿ 17ರ ಹೊತ್ತಿಗೆ, ಹೆರಿಗೆಯ ತಾರೀಕು ಮಾರ್ಚ್ 17. ಈ ಸಣ್ಣ ಡೋಸ್ ಇದ್ದರೂ ಬೆನ್ನಿಗೆ ಕೊಡುವ ಅರಿವಳಿಕೆ ಕೊಡಬಹುದು. ಹೆರಿಗೆಗೆ ಸೇರಿದಾಗ ಕೊನೆಯ ಮಾತ್ರೆ ಯಾವತ್ತು ತಗೊಂಡದ್ದು ಅಂತ ಮಾತ್ರ ಹೇಳಿ.

ಮಾತ್ರೆ ತಪ್ಪದೆ ತಗೊಂಡರೂ ಬಿಪಿ ಬರಬಹುದಾ?

ಬರಬಹುದು. ಮಾತ್ರೆ ಅಪಾಯ ಕಡಿಮೆ ಮಾಡುತ್ತದೆ, ಇಲ್ಲವಾಗಿಸುವುದಿಲ್ಲ. ಏರಿದ ಬಿಪಿಯನ್ನು ಅದು ಇಳಿಸುವುದೂ ಇಲ್ಲ. ಹಾಗಾಗಿ ಆಸ್ಪಿರಿನ್ ನಡೆಯುತ್ತಿದೆಯಲ್ಲ ಅಂತ ಬಿಪಿ ನೋಡಿಸುವುದನ್ನು ಬಿಡಬೇಡಿ. 20 ವಾರದ ನಂತರ ಪ್ರತಿ ಭೇಟಿಗೂ ಬಿಪಿ ಮತ್ತು ಮೂತ್ರ ನೋಡಲೇಬೇಕು. ಹಿಂದಿನ ಸಲ ಆದವರಿಗೆ ಇನ್ನೂ ಬೇಗ ಬೇಗ.

ಪ್ಯಾರಾಸಿಟಮಾಲಿಗೂ ಬಗ್ಗದ ತಲೆನೋವು, ಕಣ್ಣ ಮುಂದೆ ಮಿಂಚಿದ ಹಾಗೆ ಅಥವಾ ಮಂಜು ಮಂಜು ಕಾಣುವುದು, ಪಕ್ಕೆಲುಬಿನ ಕೆಳಗೆ ಬಲಗಡೆ ನೋವು, ಮುಖ ಕೈ ಒಮ್ಮೆಲೇ ಊದುವುದು, ಉಸಿರು ಕಟ್ಟುವುದು, ಮಗುವಿನ ಅಲುಗಾಟ ಕಡಿಮೆ ಆಗುವುದು, ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲಿ ಅಂತ ಕಾಯಬೇಡಿ. ಬಿಪಿ 160/110 ಮುಟ್ಟಿದರೆ ಏನೂ ನೋವಿಲ್ಲದಿದ್ದರೂ ಅದು ತುರ್ತೇ. 108ಕ್ಕೆ ಫೋನ್ ಮಾಡಿ, ಆಪರೇಷನ್, ರಕ್ತ, ಎಳೆ ಮಗುವಿನ ಐಸಿಯು ಇರುವ ಆಸ್ಪತ್ರೆಗೆ ನೇರ ಹೋಗಿ. ನಿಮ್ಮ ಊರಿಂದ ಅಂಥ ಆಸ್ಪತ್ರೆ ಕಾರವಾರವೋ ಶಿರಸಿಯೋ, ಘಟ್ಟ ಇಳಿಯಬೇಕೋ ಹತ್ತಬೇಕೋ ಅಂತ ಏಳನೇ ತಿಂಗಳೊಳಗೇ ಡಾಕ್ಟರ ಹತ್ತಿರ ಕೇಳಿಟ್ಟುಕೊಳ್ಳಿ. ಹೆರಿಗೆ ಆದ ಮೇಲೂ ಆರು ವಾರದವರೆಗೆ ಈ ತೊಂದರೆ ಬರಬಹುದು. ಬಾಣಂತಿಗೆ ತಲೆನೋವು ಬಂದರೆ ಶೀತ ಅಂತ ಕಷಾಯ ಕೊಟ್ಟು ಮಲಗಿಸುವ ಮೊದಲು ಬಿಪಿ ನೋಡಿಸಿ.